ಮೊದಲ ಮಾತು ಬಂತು, ಎರಡನೆಯದು? ಮೈಸೂರು–ಮಂಡ್ಯ ರೈಲಿನಲ್ಲಿ ಮಾತಾಡಲು ಕಲಿತವರ ಒಂದು ಪ್ರಕರಣ

ಹೊರರಾಜ್ಯಗಳಿಂದ ಬಂದು ಮೈಸೂರಿನಲ್ಲಿ ನೆಲೆಸಿದ ದೊಡ್ಡವರಿಗೆ ನಾನು ಸಂಜೆ ಹೊತ್ತು ಮಾತಿನ ಕನ್ನಡ ಹೇಳಿಕೊಡುತ್ತೇನೆ. ಅಂಥವರಲ್ಲಿ ಒಬ್ಬರ ಕಲಿಕೆಯನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆದಿದ್ದೇನೆ. ಅವರನ್ನು ಗುರುತಿಸಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಅವರ ಶಾಖೆಯಲ್ಲಿ ಎಲ್ಲರೂ ಕರೆಯುವ ಹಾಗೆ ಇಲ್ಲಿಯೂ ಅವರನ್ನು ಮೇಡಂ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಮೇಡಂ ಉತ್ತರದ ಕಡೆಯವರು, ಮನೆಮಾತು ಹಿಂದಿ. ವಯಸ್ಸು ಮೂವತ್ತರ ಆಚೀಚೆ. ಒಂದು ಬ್ಯಾಂಕಿನ ಅಧಿಕಾರಿಯಾಗಿ ಮಂಡ್ಯದ ಕಡೆಗೆ ವರ್ಗವಾಗಿ ಬಂದರು. ಮನೆ ಮಾಡಿದ್ದು ಮೈಸೂರಿನ ಸರಸ್ವತಿಪುರಂನಲ್ಲಿ. ಬೆಳಿಗ್ಗೆ ರೈಲು ಹತ್ತಿ ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಮಂಡ್ಯಕ್ಕೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುವುದು. ಸುಮಾರು 45 ಕಿಲೋಮೀಟರಿನ ಹಾದಿ.

ನನ್ನ ಹತ್ತಿರ ಬರುವ ಹೊತ್ತಿಗೆ ಅವರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಅಕ್ಷರ ಕೂಡಿಸಿ ಓದುತ್ತಿದ್ದರು. ಕೌಂಟರಿನಲ್ಲಿ ‘ಪಾಸ್‌ಬುಕ್ ಕೊಡಿ’, ‘ಇಲ್ಲಿ ಸೈನ್ ಹಾಕಿ’, ‘ನಾಳೆ ಬನ್ನಿ’ ಎನ್ನುವುದರಲ್ಲಿ ತಡವರಿಕೆ ಇರಲಿಲ್ಲ. ಒಂದು ನೋಟ್‌ಬುಕ್ಕಿನ ತುಂಬ ವಾಕ್ಯ ಬರೆದುಕೊಂಡಿದ್ದರು. ಆದರೂ ರೈಲಿನಲ್ಲಿ ಪಕ್ಕ ಕೂತವರ ಜೊತೆ ಅವರ ಮಾತು ಎಂದೂ ಮುಂದುವರಿದಿರಲಿಲ್ಲ. ಮನೆ ಹತ್ತಿರದ ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿ ಖರೀದಿ ಮುಗಿಸುತ್ತಿದ್ದರು. ಕೆಳಗಿನ ಮನೆಯ ಅಜ್ಜಿ ದಿನಾ ಗೇಟಿನ ಹತ್ತಿರ ಸಿಗುತ್ತಿದ್ದರೂ ನಕ್ಕು ಮೆಟ್ಟಿಲು ಹತ್ತುವುದಷ್ಟೇ ನಡೆದಿತ್ತು.

ಮೊದಲ ದಿನ ಅವರು ಕೇಳಿದ್ದು ಇನ್ನಷ್ಟು ವಾಕ್ಯ. ‘ಮಾತು ಶುರು ಮಾಡೋ ಲೈನುಗಳು ಐವತ್ತು ಕೊಡಿ ಸಾರ್, ಬಾಯಿಪಾಠ ಮಾಡ್ತೀನಿ’ ಎಂದರು. ನಾನು ಕೊಡಲಿಲ್ಲ. ಬದಲಿಗೆ, ಇದುವರೆಗೆ ಅಪರಿಚಿತರ ಹತ್ತಿರ ಬಾಯಿ ತೆರೆದ ಸಂದರ್ಭಗಳನ್ನೆಲ್ಲ ನೆನಪಿಸಿಕೊಂಡು, ಪ್ರತಿ ಸಲ ಮಾತು ಯಾವ ಜಾಗದಲ್ಲಿ ನಿಂತಿತು ಎಂದು ಹೇಳಿ ಎಂದೆ.

ಮಾತು ನಿಲ್ಲುತ್ತಿದ್ದ ಜಾಗ

ಅವರು ನೆನಪಿಸಿಕೊಂಡ ಸಂದರ್ಭಗಳು ಹೆಚ್ಚಿರಲಿಲ್ಲ, ಆದರೆ ಅವುಗಳಲ್ಲಿ ಒಂದು ಹೊಂದಿಕೆ ಇತ್ತು.

ಒಮ್ಮೆ ರೈಲಿನಲ್ಲಿ ಪಕ್ಕದ ಹೆಂಗಸನ್ನು ‘ತಾವು ಎಲ್ಲಿಗೆ ಹೋಗುತ್ತಿದ್ದೀರಿ?’ ಎಂದು ಕೇಳಿದ್ದರು. ಪುಸ್ತಕದ ಕನ್ನಡ, ಒಂದಕ್ಷರವೂ ತಪ್ಪಿಲ್ಲ. ಆ ಹೆಂಗಸು ಬೆರಗಾಗಿ ‘ಅಯ್ಯೋ ಎಷ್ಟ್ ಚೆನ್ನಾಗ್ ಕನ್ನಡ ಮಾತಾಡ್ತೀರಾ!’ ಎಂದರು. ಮೇಡಂ ಥ್ಯಾಂಕ್ಸ್ ಹೇಳಿದರು. ಅಲ್ಲಿಗೆ ಮುಗಿಯಿತು. ಇನ್ನೊಮ್ಮೆ ಪ್ಲಾಟ್‌ಫಾರಂನಲ್ಲಿ ಒಬ್ಬರನ್ನು ‘ಟ್ರೈನು ಯಾಕೆ ಲೇಟು?’ ಎಂದು ಕೇಳಿದಾಗ ಅವರು ಕ್ರಾಸಿಂಗು, ಸಿಗ್ನಲ್ಲು, ಹಿಂದಿನ ದಿನದ ಕಥೆ ಎಲ್ಲ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿದರು. ಮೇಡಂಗೆ ‘ಸಿಗ್ನಲ್’ ಒಂದೇ ಅರ್ಥವಾಗಿ, ತಲೆಯಾಡಿಸಿ ಆಚೆ ನೋಡಿದರು. ಹೂವಿನವರ ಹತ್ತಿರ ‘ನನಗೆ ಕನ್ನಡ ಅಷ್ಟು ಬರಲ್ಲ’ ಎಂದು ಶುರು ಮಾಡಿದಾಗ ಆಕೆ ಮುಂದಿನ ಮಾತಿನಿಂದಲೇ ಹಿಂದಿಗೆ ಹೊರಳಿಕೊಂಡರು. ಮೈಸೂರಿನಲ್ಲಿ ಇದು ದಿನನಿತ್ಯ ನಡೆಯುತ್ತದೆ. ಎದುರಿನವರಿಗೆ ಕಷ್ಟವಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ನಮ್ಮವರು ಭಾಷೆ ಬದಲಿಸಿಬಿಡುತ್ತಾರೆ, ಕಲಿಯುವವರ ಕೈಯಿಂದ ಅವಕಾಶ ಜಾರಿಹೋಗುತ್ತದೆ.

ಈ ಮೂರರಲ್ಲೂ ಮೊದಲ ಮಾತು ಸರಿಯಾಗಿಯೇ ಹೊರಟಿತ್ತು. ಕುಸಿದದ್ದು ಎದುರಿನವರು ಉತ್ತರ ಕೊಟ್ಟ ನಂತರ. ಮೇಡಂ ‘ನನಗೆ ಧೈರ್ಯ ಇಲ್ಲ’ ಎಂದು ಹೇಳಿಕೊಳ್ಳುತ್ತಿದ್ದದ್ದು ಮಾತು ಶುರು ಮಾಡುವ ಹೆದರಿಕೆಯನ್ನಲ್ಲ. ಶುರುವಾದ ಮೇಲೆ ಎದುರಿನವರ ಮುಂದೆ ಬೆಪ್ಪಾಗಿ ನಿಲ್ಲಬೇಕಾಗುತ್ತದೆ ಎಂಬ ಹೆದರಿಕೆಯನ್ನು. ಐವತ್ತು ವಾಕ್ಯ ಕೊಟ್ಟಿದ್ದರೆ ಅವರು ಐವತ್ತು ಕಡೆ ಹಾಗೆ ನಿಲ್ಲುತ್ತಿದ್ದರು.

ಇನ್ನೊಂದು ವಿಷಯವೂ ಕಿವಿಗೆ ಬಿತ್ತು. ನನ್ನ ಮುಂದೆ ವಾಕ್ಯ ಹೇಳಿ ತೋರಿಸಿದಾಗ ಅವರ ದನಿ ಕೌಂಟರಿನಲ್ಲಿ ಕೇಳಬಹುದಾದ ದನಿಯಲ್ಲಿ ಅರ್ಧದಷ್ಟೂ ಇರಲಿಲ್ಲ, ಕೊನೆಯ ಪದವಂತೂ ಗಂಟಲಲ್ಲೇ ಉಳಿಯುತ್ತಿತ್ತು. ಕನ್ನಡದಲ್ಲಿ ಪ್ರಶ್ನೆ ಎಂಬುದು ಗೊತ್ತಾಗುವುದೂ, ಮರ್ಯಾದೆ ಕೊಟ್ಟಿದ್ದಾರೆಂದು ಗೊತ್ತಾಗುವುದೂ ಬಹುಪಾಲು ವಾಕ್ಯದ ಬಾಲದಲ್ಲಿ. ಆ ಬಾಲವೇ ಕೇಳಿಸದಿದ್ದರೆ ಎದುರಿನವರು ‘ಆಂ?’ ಎನ್ನದೆ ಇನ್ನೇನು ಮಾಡಿಯಾರು? ಅವರು ಆಂ ಎಂದದ್ದು ಕೇಳಿಸಲಿಲ್ಲ ಎಂಬುದಕ್ಕೆ. ಮೇಡಂ ಅದನ್ನು ‘ನಿಮ್ಮ ಕನ್ನಡ ತಪ್ಪು’ ಎಂದು ತಿಳಿದುಕೊಂಡು ಒಳಕ್ಕೆ ಸರಿಯುತ್ತಿದ್ದರು.

ನಾಲ್ಕು ಮಾತು ಸಾಕು ಎಂಬ ತೀರ್ಮಾನ

ನೋಟ್‌ಬುಕ್ಕು ಮುಚ್ಚಿಟ್ಟು, ಅವರು ದಿನಾ ಇರುವ ಜಾಗಗಳಿಗೆ ಹೊಂದುವ ನಾಲ್ಕೇ ನಾಲ್ಕು ಮಾತುಗಳನ್ನು ಆರಿಸಿಕೊಂಡೆವು. ಪ್ಲಾಟ್‌ಫಾರಂನಲ್ಲಿ ‘ಮಂಡ್ಯ ಟ್ರೈನು ಇಲ್ಲೇ ಬರೋದಾ?’. ಒಳಗೆ ಸೀಟಿನ ಹತ್ತಿರ ‘ಇಲ್ಲಿ ಯಾರಾದ್ರೂ ಇದಾರಾ?’. ಕೂತ ಮೇಲೆ ‘ಇವತ್ತು ರಶ್ಶು ಜಾಸ್ತಿ ಅಲ್ವಾ?’. ಸ್ವಲ್ಪ ಹೊತ್ತಾದ ಮೇಲೆ ‘ದೂರ ಹೊರಟ್ರಾ?’.

ಆಯ್ಕೆಗೆ ಕಾರಣವಿತ್ತು. ‘ಯಾಕೆ’, ‘ಏನು’, ‘ಹೇಗೆ’ ಎಂದು ಕೇಳಿದರೆ ಉತ್ತರ ಎಷ್ಟು ಉದ್ದವಾದರೂ ಬರಬಹುದು, ಯಾವ ದಿಕ್ಕಿಗಾದರೂ ಹೋಗಬಹುದು. ಕಣ್ಣೆದುರಿಗೆ ಕಾಣುವ ಸಂಗತಿಯನ್ನೇ ಹೇಳಿ ಕೊನೆಗೆ ‘ಅಲ್ವಾ’ ಸೇರಿಸಿದರೆ ಉತ್ತರದ ಮೊದಲ ತುಣುಕು ಹೂಂ ಎಂದೋ ಇಲ್ಲ ಎಂದೋ ಇರುತ್ತದೆ. ಅಷ್ಟು ಮೊದಲೇ ಗೊತ್ತಿದ್ದರೆ ಕಿವಿ ಗಾಬರಿಯಾಗದೆ ಮುಂದಿನದಕ್ಕೆ ಸಿದ್ಧವಾಗುತ್ತದೆ. ಎದುರಿನವರಿಗೆ ಮಾತಾಡುವ ಮನಸ್ಸಿಲ್ಲದಿದ್ದರೆ ‘ಹೂಂ’ ಎಂದು ಸುಮ್ಮನಾಗುವ ದಾರಿಯೂ ಅವರಿಗೆ ಸಿಗುತ್ತದೆ. ಇಬ್ಬರಿಗೂ ಮುಜುಗರವಿಲ್ಲ.

‘ಎಲ್ಲಿಗೆ ಹೋಗ್ತಿದೀರಾ’ ಎಂಬುದನ್ನು ಬೇಕೆಂದೇ ಬಿಟ್ಟೆವು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆಯ ಹಿರಿಯರಲ್ಲಿ ಇನ್ನೂ ಇದೆ. ‘ದೂರ ಹೊರಟ್ರಾ?’ ಎಂದರೆ ಅದೇ ವಿಷಯ ಬರುತ್ತದೆ, ಯಾರ ಮನಸ್ಸಿಗೂ ಕಿರಿಕಿರಿಯಾಗುವುದಿಲ್ಲ. ಬೇಕಾದವರು ಊರಿನ ಹೆಸರು ಹೇಳುತ್ತಾರೆ, ಬೇಡವಾದವರು ‘ಇಲ್ಲೇ’ ಎನ್ನುತ್ತಾರೆ.

ಬಾಯಿಬಿಟ್ಟು ಅಭ್ಯಾಸ ಮಾಡಿದ ಬಗೆ

ಮನಸ್ಸಿನಲ್ಲಿ ಹೇಳಿಕೊಳ್ಳುವುದನ್ನು ಅಭ್ಯಾಸವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದು ನಮ್ಮ ನಿಯಮವಾಯಿತು. ಮನಸ್ಸಿನಲ್ಲಿ ಹೇಳುವಾಗ ನಾಲಿಗೆ ಎಡವುವುದಿಲ್ಲ, ಉಸಿರು ಸಾಲದೆ ಹೋಗುವುದಿಲ್ಲ. ಆದ್ದರಿಂದ ಎಲ್ಲಿ ತೊಡಕಿದೆ ಎಂದು ಗೊತ್ತಾಗುವುದೂ ಇಲ್ಲ.

ಪ್ರತಿ ವಾಕ್ಯವನ್ನೂ ಹಿಂದಿನಿಂದ ಕಟ್ಟಿದೆವು. ಮೊದಲು ‘ಅಲ್ವಾ?’ ಅಷ್ಟೇ, ಕೊನೆಯ ಆಕಾರವನ್ನು ಎತ್ತಿ ಹೇಳುವುದು. ಅದು ಗಟ್ಟಿಯಾದ ಮೇಲೆ ‘ಜಾಸ್ತಿ ಅಲ್ವಾ?’. ಆಮೇಲೆ ‘ರಶ್ಶು ಜಾಸ್ತಿ ಅಲ್ವಾ?’. ಕೊನೆಗೆ ಪೂರ್ತಿ. ಮುಂದಿನಿಂದ ಕಲಿತವರು ವಾಕ್ಯದ ತಲೆಯನ್ನು ಜೋರಾಗಿ ಹೇಳಿ, ಬಾಲದ ಹತ್ತಿರ ಅನುಮಾನ ಬಂದು ದನಿ ಇಳಿಸುತ್ತಾರೆ. ಹಿಂದಿನಿಂದ ಕಟ್ಟಿದರೆ ಹೆಚ್ಚು ಸಲ ಹೇಳಿದ ಭಾಗವೇ ಕೊನೆಯಲ್ಲಿರುವುದರಿಂದ, ವಾಕ್ಯ ಮುಂದೆ ಹೋದಷ್ಟೂ ನಾಲಿಗೆಗೆ ಪರಿಚಿತ ದಾರಿ ಸಿಗುತ್ತದೆ. ಮೇಡಂ ವಿಷಯದಲ್ಲಿ ಇದು ಬೇಗ ಕೆಲಸ ಮಾಡಿತು.

ಉಚ್ಚಾರಣೆಯಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡೆವು. ಹಿಂದಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಅಕ್ಷರವಿಲ್ಲ. ಹಾಗಾಗಿ ಅವರ ಬಾಯಲ್ಲಿ ‘ಕೊಡಿ’ ಕೋಡಿಯಾಗುತ್ತಿತ್ತು, ‘ಎಷ್ಟು’ ಏಷ್ಟಾಗುತ್ತಿತ್ತು, ‘ಹೊರಟ್ರಾ’ ಹೋರಟ್ರಾ ಆಗುತ್ತಿತ್ತು. ಕೇಳುವವರು ಅರೆಕ್ಷಣ ತಡೆದು ಅರ್ಥ ಮಾಡಿಕೊಳ್ಳಬೇಕಾಗುವುದು ಈ ಉದ್ದಗಿಡ್ಡದ ವ್ಯತ್ಯಾಸದಿಂದಲೇ. ಳಕಾರ ಲಕಾರವಾದರೆ ಯಾರೂ ತಡೆಯುವುದಿಲ್ಲ, ‘ಹೇಲಿ’ ಎಂದರೂ ಹೇಳಿ ಎಂದೇ ಕೇಳಿಕೊಳ್ಳುತ್ತಾರೆ. ಅದನ್ನು ಆಮೇಲೆ ನೋಡೋಣ ಎಂದು ಬಿಟ್ಟೆವು. ಎರಡನ್ನೂ ಒಟ್ಟಿಗೆ ತಿದ್ದಲು ಹೋದರೆ ನಾಲಿಗೆಯ ಮೇಲೆಯೇ ಗಮನ ನಿಂತು, ಎದುರಿನವರ ಮುಖ ನೋಡುವುದು ಮರೆತುಹೋಗುತ್ತದೆ.

ದನಿಗೆ ಕುಕ್ಕರಹಳ್ಳಿ ಕೆರೆಯ ಏರಿ ಒದಗಿತು. ಬೆಳಿಗ್ಗೆ ನಡೆಯುವವರು ಅಲ್ಲಿ ತಮ್ಮ ಪಾಡಿಗೆ ಫೋನಿನಲ್ಲಿ ಜೋರಾಗಿ ಮಾತಾಡುತ್ತ ಹೋಗುತ್ತಿರುತ್ತಾರೆ. ಮೇಡಂ ಫೋನನ್ನು ಕಿವಿಗೆ ಹಿಡಿದು, ಅದರಲ್ಲಿ ಕೆಳಮನೆಯ ಅಜ್ಜಿಯಿಂದ ಹೇಳಿಸಿ ರೆಕಾರ್ಡ್ ಮಾಡಿಕೊಂಡ ವಾಕ್ಯಗಳನ್ನು ಕೇಳುತ್ತ, ಅಜ್ಜಿಯ ದನಿಯ ಬೆನ್ನಿಗೇ ತಾವೂ ಹೇಳುತ್ತ ನಡೆದರು. ಯಾರೂ ತಿರುಗಿ ನೋಡಲಿಲ್ಲ. ಮನೆಯಲ್ಲಿ ಫ್ಯಾನು, ಟಿವಿ ಹಾಕಿ, ಕೋಣೆಯ ಆ ತುದಿಯಲ್ಲಿ ಕೂತ ಅಜ್ಜಿಗೆ ಈ ತುದಿಯಿಂದ ಹೇಳುವುದು ಇನ್ನೊಂದು ಅಭ್ಯಾಸ. ರೈಲಿನ ಸದ್ದಿನಲ್ಲಿ ಬೇಕಾಗುವ ದನಿ ಎಷ್ಟೆಂದು ಅದರಿಂದ ಅಂದಾಜು ಸಿಕ್ಕಿತು. ಅಜ್ಜಿ ‘ಆಂ?’ ಎಂದರೆ ವಾಕ್ಯ ಬದಲಿಸಬಾರದು, ಅದೇ ವಾಕ್ಯವನ್ನು ಇನ್ನೊಂದು ಸಲ ಇನ್ನೂ ನಿಧಾನವಾಗಿ, ಇನ್ನೂ ಜೋರಾಗಿ ಹೇಳಬೇಕು ಎಂಬುದು ಷರತ್ತು. ಹಲವರು ‘ಆಂ?’ ಕೇಳಿದ ಕೂಡಲೇ ಬೇರೆ ಪದ ಹುಡುಕಲು ಹೋಗುತ್ತಾರೆ, ಅಲ್ಲೇ ದಾರಿ ತಪ್ಪುತ್ತದೆ.

ಉತ್ತರದ ಅಭ್ಯಾಸ

ಈ ಪ್ರಕರಣದ ಮುಖ್ಯ ಕೆಲಸ ಇಲ್ಲಿಂದ ಶುರು. ಕೆಳಮನೆಯ ಅಜ್ಜಿ ಮದ್ದೂರಿನ ಕಡೆಯವರು. ಅವರನ್ನು ಒಂದು ಕೇಳಿಕೊಂಡೆವು: ಮೇಡಂ ಅದೇ ಪ್ರಶ್ನೆ ಎಷ್ಟು ಸಲ ಕೇಳಿದರೂ ನೀವು ಪ್ರತಿ ಸಲ ಬೇರೆ ಉತ್ತರ ಕೊಡಬೇಕು, ನಿಮ್ಮೂರಿನ ಮಾತಿನಲ್ಲೇ ಕೊಡಬೇಕು, ನಿಧಾನ ಮಾಡಬಾರದು.

‘ಇವತ್ತು ರಶ್ಶು ಜಾಸ್ತಿ ಅಲ್ವಾ?’

ಒಂದು ಸಲ ಅಜ್ಜಿ, ‘ಹೂಂ ಕಣವ್ವ, ನಾಳೀಕೆ ಹಬ್ಬ ಅಲ್ವಾ, ಎಲ್ಲಾ ಊರ್ಗೆ ಹೊಂಟವ್ರೆ’ ಎಂದರು. ಇನ್ನೊಂದು ಸಲ, ‘ಇದ್ಯಾವ್ ರಶ್ಶು, ಸೋಮವಾರ ಬಂದ್ ನೋಡು, ನಿಂತ್ಕಳಕ್ಕೂ ಜಾಗ ಇರಕಿಲ್ಲ’. ಮತ್ತೊಂದು ಸಲ, ‘ಪಾಂಡವಪುರದಲ್ಲಿ ಅರ್ಧ ಖಾಲಿಯಾಯ್ತದೆ ತಗೋ’.

ಇವನ್ನು ಪೂರ್ತಿ ಅರ್ಥ ಮಾಡಿಕೊಳ್ಳುವುದು ಮೇಡಂನ ಕೆಲಸವಾಗಿರಲಿಲ್ಲ. ಕಿವಿಗೆ ಸಿಕ್ಕ ಒಂದು ಪದವನ್ನು ಹಿಡಿದು, ಅದನ್ನೇ ಪ್ರಶ್ನೆಯಾಗಿಸಿ ಹಿಂದಕ್ಕೆ ಕೊಡುವುದು ಅವರ ಕೆಲಸ. ‘ಹಬ್ಬಾನಾ?’ ‘ಸೋಮವಾರಾನಾ?’ ‘ಪಾಂಡವಪುರದಲ್ಲಾ?’ ನಾವು ದಿನಾ ಒಬ್ಬರಿಗೊಬ್ಬರು ಮಾಡುವುದೂ ಇದನ್ನೇ. ಹೀಗೆ ಕೇಳಿದರೆ ಎದುರಿನವರು ಅದೇ ವಿಷಯವನ್ನು ಬಿಡಿಸಿ, ಸ್ವಲ್ಪ ಬೇರೆ ಪದಗಳಲ್ಲಿ ಇನ್ನೊಮ್ಮೆ ಹೇಳುತ್ತಾರೆ. ಕಲಿಯುವವರಿಗೆ ಎರಡನೇ ಸಲ ಕೇಳುವ ಅವಕಾಶ, ‘ಅರ್ಥವಾಗಲಿಲ್ಲ’ ಎಂದು ಹೇಳಿಕೊಳ್ಳದೆಯೇ ಸಿಗುತ್ತದೆ. ಒಂದು ಪದವೂ ಸಿಗದಿದ್ದಾಗ ‘ಹೌದಾ? ಇನ್ನೊಂದ್ಸಲ ಹೇಳಿ ಅಜ್ಜಿ, ಕನ್ನಡ ಕಲೀತಿದೀನಿ’ ಎನ್ನುವುದು.

ಈ ಕೊನೆಯ ಮಾತು ಎಲ್ಲಿ ಬರಬೇಕು ಎಂಬುದನ್ನು ಯೋಚಿಸಿಯೇ ಇಟ್ಟೆವು. ‘ಕನ್ನಡ ಬರಲ್ಲ’ ಎಂದು ಶುರು ಮಾಡಿದರೆ ಎದುರಿನವರು ಭಾಷೆ ಬದಲಿಸುತ್ತಾರೆ ಎಂದು ಹೂವಿನವರ ಹತ್ತಿರ ಗೊತ್ತಾಗಿತ್ತು. ಒಂದೆರಡು ಮಾತು ಕನ್ನಡದಲ್ಲೇ ಆಗಿಹೋದ ಮೇಲೆ ‘ಕಲೀತಿದೀನಿ’ ಎಂದರೆ ಅದು ಸಹಾಯ ಕೇಳಿದ ಹಾಗಾಗುತ್ತದೆ. ಬಹಳ ಜನ ಆಗ ತಾವಾಗಿಯೇ ನಿಧಾನಿಸುತ್ತಾರೆ. ಆದರೂ ಯಾರಾದರೂ ಹಿಂದಿಗೆ ಹೊರಳಿದರೆ ‘ಕನ್ನಡದಲ್ಲೇ ಹೇಳಿ, ಪರವಾಗಿಲ್ಲ’ ಎಂದು ನಗುತ್ತ ಹೇಳುವುದು, ಅದು ಒಂದೇ ಸಲ. ಎರಡನೇ ಸಲವೂ ಹೊರಳಿದರೆ ಅವರ ಪಾಡಿಗೆ ಬಿಟ್ಟುಬಿಡುವುದು.

ಹೊಗಳಿಕೆಗೂ ಒಂದು ಉತ್ತರ ಬೇಕಾಗಿತ್ತು. ‘ಚೆನ್ನಾಗ್ ಮಾತಾಡ್ತೀರಾ’ ಎಂದ ಕೂಡಲೇ ಮಾತು ಮೇಡಂನ ಕನ್ನಡದ ಸುತ್ತ ತಿರುಗಿ ಅಲ್ಲೇ ಬತ್ತಿಹೋಗುತ್ತಿತ್ತು. ಅದಕ್ಕೆ ‘ಸ್ವಲ್ಪ ಸ್ವಲ್ಪ ಬರುತ್ತೆ. ನೀವು ದಿನಾ ಇದೇ ಟ್ರೈನಾ?’ ಎಂದು ಎರಡನ್ನೂ ಉಸಿರು ಬಿಡದೆ ಜೋಡಿಸಿ ಹೇಳುವುದನ್ನು ಕಲಿತರು.

ಇನ್ನು ಮಾತು ಮುಗಿಸುವುದು. ಇದನ್ನು ನಾನು ಎಲ್ಲರಿಗೂ ಬೇಗ ಹೇಳಿಕೊಡುತ್ತೇನೆ. ಹೇಗೆ ಎದ್ದು ಬರಬೇಕೆಂದು ಗೊತ್ತಿಲ್ಲದವರು ಕೂರಲು ಹೆದರುತ್ತಾರೆ. ‘ಸರಿ ಅಜ್ಜಿ, ನನ್ನ ಸ್ಟಾಪು ಬಂತು, ಬರ್ಲಾ?’ ಎಂಬುದು ರೈಲಿಗೆ. ‘ಸರಿ ಅಣ್ಣ, ಬರ್ತೀನಿ’ ಎಂಬುದು ಅಂಗಡಿಗೆ. ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎಂದೇ ಹೇಳುವ ರೂಢಿಯನ್ನು ಅಜ್ಜಿಯೇ ಒತ್ತಿ ಒತ್ತಿ ಕಲಿಸಿದರು.

ಹೊರಗೆ ಹೊರಟಾಗ

ಮೊದಲು ಯಾರ ಹತ್ತಿರ ಎಂಬುದೂ ಮುಖ್ಯ. ಟಿಕೆಟ್ ಕೌಂಟರಿನಲ್ಲಿ ಬೇಡ ಎಂದೆ, ಹಿಂದೆ ಕ್ಯೂ ನಿಂತಿರುತ್ತದೆ. ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ದೇವರಾಜ ಮಾರುಕಟ್ಟೆಯೂ ಬೇಡ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಹೂ ಕಟ್ಟುತ್ತ ಕೂತವರ ಹತ್ತಿರ ಹೋಗಬಹುದು. ಕೈ ಕೆಲಸದಲ್ಲಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ರಜೆಯ ದಿನ ಮೇಡಂ ಅಲ್ಲಿ ‘ಇವತ್ತು ಮಲ್ಲಿಗೆ ಮೊಗ್ಗು ದಪ್ಪ ಇದೆ ಅಲ್ವಾ ಅಕ್ಕ?’ ಎಂದು ಶುರು ಮಾಡಿ, ಮೊಳಕ್ಕೆ ಎಷ್ಟು, ಮಾರಿಗೆ ಎಷ್ಟು ಎಂಬಲ್ಲಿಗೆ ಮುಟ್ಟಿ, ಒಂದು ಮೊಳ ಕಟ್ಟಿಸಿಕೊಂಡು ಬಂದರು. ಕೊಳ್ಳುವ ನೆಪವಿದ್ದದ್ದರಿಂದ ಮಾತು ಎಲ್ಲಿ ನಿಂತರೂ ಮುಜುಗರವಾಗುತ್ತಿರಲಿಲ್ಲ.

ರೈಲಿನಲ್ಲಿ ಹೆಂಗಸರ ಪಕ್ಕ, ಅದರಲ್ಲೂ ವಯಸ್ಸಾದವರ ಪಕ್ಕ ಕೂರುವುದೆಂದು ಅವರೇ ನಿರ್ಧರಿಸಿದರು. ಕಿವಿಗೆ ಇಯರ್‌ಫೋನ್ ಹಾಕಿದವರನ್ನು, ಕಣ್ಣು ಮುಚ್ಚಿದವರನ್ನು ಮಾತಾಡಿಸುವ ಹಾಗಿಲ್ಲ. ಒಂಟಿ ಗಂಡಸರನ್ನು ದಾರಿ ಕೇಳುವುದಕ್ಕಷ್ಟೇ ಮಾತಾಡಿಸುವುದು. ಇದು ಅವರ ಕ್ಷೇಮದ ವಿಚಾರವಾದ್ದರಿಂದ ನಾನು ನಡುವೆ ಬಾಯಿ ಹಾಕಲಿಲ್ಲ.

ಕೆಲವು ದಿನ ಬರೀ ‘ಹೂಂ’ ಸಿಕ್ಕಿತು. ಕೆಲವು ದಿನ ಮಾತು ಎರಡು ಸ್ಟೇಷನ್ ದಾಟಿತು. ಒಂದು ಸಂಜೆ ಮಾತ್ರ ಅವರು ಬಹಳ ಕುಗ್ಗಿ ಬಂದರು.

ಅಂದು ಪಕ್ಕದಲ್ಲಿ ಹಳ್ಳಿಯ ಒಬ್ಬ ಮುದುಕಿ ಕೂತಿದ್ದರಂತೆ. ಮೇಡಂ ‘ದೂರ ಹೊರಟ್ರಾ ಅಜ್ಜಿ?’ ಎಂದರು. ಮುದುಕಿ ಮಗಳ ಮನೆಗೆ ಎಂದರು. ‘ಮಗಳ ಮನೆಗಾ?’ ಎಂದು ಇವರು ಹಿಡಿದುಕೊಂಡರು. ಎಲ್ಲ ಅಂದುಕೊಂಡ ಹಾಗೆಯೇ ನಡೆದಿತ್ತು. ಆಮೇಲೆ ಮುದುಕಿ ‘ಯಾವೂರವ್ವ ನಿಂದು? ಮದ್ವೆ ಆಗದಾ? ಮಕ್ಳೆಷ್ಟು? ಸಂಬ್ಳ ಎಷ್ಟ್ ಬತ್ತದೆ?’ ಎಂದು ಒಂದರ ಹಿಂದೆ ಒಂದು ಕೇಳಿದರು. ಮೇಡಂಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾದದ್ದರಿಂದಲೇ ಬಾಯಿ ಕಟ್ಟಿತು. ‘ನಿಂದು’ ಎಂದು ಏಕವಚನದಲ್ಲಿ ಕೇಳಿದ್ದು ತನ್ನನ್ನು ಹೀನಾಯವಾಗಿ ಕಂಡದ್ದಕ್ಕೆ ಎಂದುಕೊಂಡರು. ಸಂಬಳ ಕೇಳಿದ್ದು ಮಿತಿ ಮೀರಿದ್ದೆಂದು ಅನಿಸಿತು. ಇಳಿಯುವವರೆಗೂ ಕಿಟಕಿಯ ಕಡೆ ನೋಡುತ್ತ ಕೂತರು.

ಆ ಸಂಜೆಯ ಪಾಠವನ್ನು ಪೂರ್ತಿ ಇದಕ್ಕೇ ಕೊಟ್ಟೆವು, ಅಜ್ಜಿಯನ್ನೂ ಕರೆದು ಕೂರಿಸಿಕೊಂಡೆವು. ಮಂಡ್ಯ ಸೀಮೆಯಲ್ಲಿ ವಯಸ್ಸಾದವರು ಕಿರಿಯ ಹೆಣ್ಣುಮಗಳನ್ನು ಅವ್ವ ಎಂದು ಕರೆದು ಏಕವಚನದಲ್ಲಿ ಮಾತಾಡಿಸಿದರೆ ಹತ್ತಿರ ಕರೆದುಕೊಂಡರೆಂದೇ ತಿಳಿಯಬೇಕು. ಆದರೆ ಕಿರಿಯರು ಅದೇ ಏಕವಚನವನ್ನು ಹಿಂದಿರುಗಿಸುವ ಹಾಗಿಲ್ಲ. ‘ನಿಮ್ದು ಯಾವೂರಜ್ಜಿ?’ ಎಂದು ಬಹುವಚನದಲ್ಲೇ ಕೇಳಬೇಕು. ಮದುವೆ, ಮಕ್ಕಳ ವಿಷಯ ಕೇಳುವುದು ಅವರಿಗೆ ಹವಾಮಾನದಷ್ಟೇ ಸಹಜ. ಪೂರ್ತಿ ಉತ್ತರ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ. ಎಷ್ಟು ಹೇಳಬೇಕು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ, ಬಾಯಿಬಿಟ್ಟು ಹೇಳಿ ಇಟ್ಟುಕೊಂಡರೆ ಆ ಕ್ಷಣದಲ್ಲಿ ಯೋಚಿಸಬೇಕಾಗುವುದಿಲ್ಲ. ಮೇಡಂ ಆರಿಸಿಕೊಂಡದ್ದು ಹೀಗೆ: ‘ಮದ್ವೆ ಆಗಿದೆ ಅಜ್ಜಿ. ನಿಮ್ಗೆ ಮೊಮ್ಮಕ್ಕಳೆಷ್ಟು?’ ಸಂಬಳಕ್ಕೆ ‘ಜೀವನಕ್ಕೆ ಸಾಕಾಗುತ್ತೆ ಅಜ್ಜಿ’. ಕೆಳಮನೆಯ ಅಜ್ಜಿ ಇವನ್ನೇ ತಿರುಗಿಸಿ ಮುರುಗಿಸಿ ಕೇಳಿ, ಮೇಡಂ ತಡೆಯದೆ ಉತ್ತರ ಕೊಡುವವರೆಗೂ ಬಿಡಲಿಲ್ಲ.

ಪ್ರಕರಣ ತಿರುಗಿದ್ದು ಇಲ್ಲಿ ಎಂದು ನನ್ನ ಎಣಿಕೆ. ಅಲ್ಲಿಯವರೆಗೆ ಮೇಡಂ ಪ್ರಶ್ನೆ ಕೇಳುವವರಾಗಿ ಮಾತ್ರ ಸಿದ್ಧರಾಗಿದ್ದರು. ಮಾತಾಡಿಸಿದವರನ್ನು ತಿರುಗಿ ಮಾತಾಡಿಸುತ್ತಾರೆ, ಅದೂ ಅವರ ಬಗ್ಗೆಯೇ ಕೇಳುತ್ತಾರೆ ಎಂಬುದಕ್ಕೆ ಸಿದ್ಧರಾದ ಮೇಲೆ ರೈಲಿನಲ್ಲಿ ಅವರು ಕೂರುವ ಭಂಗಿಯೇ ಬದಲಾಯಿತಂತೆ. ಮೊದಲು ಬ್ಯಾಗನ್ನು ಎದೆಗೆ ಅವುಚಿಕೊಂಡು ಕೂರುತ್ತಿದ್ದೆ, ಈಗ ಪಕ್ಕಕ್ಕೆ ತಿರುಗಿ ಕೂರುತ್ತೇನೆ ಎಂದರು.

ಒಂದೇ ಮಾತು, ಎರಡು ಜಾಗ

ಮಳೆಗಾಲ ಬಂದಾಗ ಒಂದು ಹೊಸ ಮಾತು ಸೇರಿಸಿದೆವು. ಜುಲೈ, ಆಗಸ್ಟ್‌ನಲ್ಲಿ ಮಂಡ್ಯದ ಕಡೆ ಯಾರನ್ನಾದರೂ ಮಾತಿಗೆಳೆಯಬೇಕೆಂದರೆ ಕನ್ನಂಬಾಡಿ ಕಟ್ಟೆಗಿಂತ ಒಳ್ಳೆಯ ವಿಷಯವಿಲ್ಲ. ‘ಕಟ್ಟೆ ಎಷ್ಟ್ ಅಡಿ ಬಂತಂತೆ?’ ಕೃಷ್ಣರಾಜಸಾಗರ ತುಂಬಿದರೆ 124.80 ಅಡಿ. ಆ ಸಂಖ್ಯೆ ಅಲ್ಲಿಯ ಮಕ್ಕಳಿಗೂ ಗೊತ್ತು. ಉತ್ತರದಲ್ಲಿ ಒಂದು ಸಂಖ್ಯೆ ಬರುವುದು ಖಚಿತವಾದ್ದರಿಂದ ಕಿವಿಗೆ ಹಿಡಿಯಲು ಏನಾದರೂ ಸಿಕ್ಕೇ ಸಿಗುತ್ತದೆ. ನೂರರಿಂದ ನೂರಿಪ್ಪತ್ತೈದರವರೆಗಿನ ಸಂಖ್ಯೆಗಳನ್ನು ಮೇಡಂ ಕೆರೆ ಏರಿಯ ಮೇಲೆ ಹೇಳಿ ಹೇಳಿ ಗಟ್ಟಿ ಮಾಡಿಕೊಂಡರು. ರೈಲಿನಲ್ಲಿ ಈ ಮಾತು ಚೆನ್ನಾಗಿ ನಡೆಯಿತು. ಒಬ್ಬರನ್ನು ಕೇಳಿದರೆ ಎದುರು ಸೀಟಿನವರೂ ಸೇರಿಕೊಳ್ಳುತ್ತಿದ್ದರು.

ಆ ಹುರುಪಿನಲ್ಲಿ ಮೇಡಂ ಇದನ್ನು ಬ್ಯಾಂಕಿನ ಕೌಂಟರಿಗೂ ತೆಗೆದುಕೊಂಡು ಹೋದರು. ಒಬ್ಬ ರೈತರನ್ನು ‘ಕಟ್ಟೆ ಎಷ್ಟ್ ಬಂತು? ಈ ಸಲ ಬೆಳೆ ಹೇಗೆ?’ ಎಂದರು. ಆ ಯಜಮಾನರ ಮುಖ ಬಿಗಿಯಿತು. ‘ಕಟ್ತೀವಿ ಮೇಡಂ, ಕಬ್ಬಿನ ದುಡ್ಡು ಬರ್ಲಿ’ ಎಂದರು. ಕೌಂಟರಿನ ಆಚೆ ಕೂತ ಅಧಿಕಾರಿ ಬೆಳೆಯ ಬಗ್ಗೆ ಕೇಳಿದರೆ ಸಾಲದ ಕಂತು ಕೇಳಿದ ಹಾಗೆಯೇ ಕೇಳಿಸುತ್ತದೆ. ಮಾತು ಸರಿಯಿತ್ತು, ಉಚ್ಚಾರಣೆ ಸರಿಯಿತ್ತು, ಕೇಳಿದವರು ಕೂತ ಕುರ್ಚಿ ಅದಕ್ಕೆ ಬೇರೆ ಅರ್ಥ ಕೊಟ್ಟಿತು. ಅಂದಿನಿಂದ ಕೌಂಟರಿಗೆ ‘ಬಿಸಿಲು ಜೋರು ಅಲ್ವಾ, ಕೂತ್ಕೊಳ್ಳಿ ಯಜಮಾನ್ರೇ’ ಎಂಬುದಷ್ಟೇ ಉಳಿಯಿತು. ಕಟ್ಟೆಯ ಮಾತು ರೈಲಿನ ಪಾಲಾಯಿತು. ಮಳೆ ಕೈಕೊಟ್ಟ ವರ್ಷ ಅಲ್ಲಿಯೂ ಅದನ್ನು ಎತ್ತಬಾರದು ಎಂದು ಹೇಳಿದ್ದೇನೆ. ಕಾವೇರಿ ನೀರಿನ ನೋವು ಹಗುರ ಮಾತಿಗೆ ಒಗ್ಗುವಂಥದ್ದಲ್ಲ.

ಈಗಿನ ಸ್ಥಿತಿ

ಇವತ್ತು ಮೇಡಂ ಮಂಡ್ಯ ರೈಲಿನಲ್ಲಿ ಒಬ್ಬರ ಜೊತೆ ನಾಗನಹಳ್ಳಿಯಿಂದ ಪಾಂಡವಪುರದವರೆಗೆ ಮಾತು ನಡೆಸಬಲ್ಲರು. ಮೊದಲ ನಾಲ್ಕು ಮಾತುಗಳಲ್ಲಿ ಎರಡನ್ನು ಈಗ ಬಳಸುವುದೇ ಇಲ್ಲ, ಸಂದರ್ಭ ನೋಡಿ ತಾವೇ ಹೊಸದನ್ನು ಕಟ್ಟುತ್ತಾರೆ. ಪಕ್ಕದವರ ಬುಟ್ಟಿಯಲ್ಲಿ ಅವರೆಕಾಯಿ ಕಂಡರೆ ‘ಸೊಗಡು ಚೆನ್ನಾಗಿದೆ ಅಲ್ವಾ ಅಕ್ಕ?’ ಎನ್ನುವಷ್ಟು ಕಣ್ಣು ಚುರುಕಾಗಿದೆ. ದಿನಾ ಸಿಗುವ ಇಬ್ಬರು ಹೆಂಗಸರು ಇವರಿಗೆ ಜಾಗ ಹಿಡಿದಿಡುತ್ತಾರಂತೆ.

ಆಗದೆ ಉಳಿದದ್ದೂ ಇದೆ. ಮೂರು ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಅವರಿಗೆ ಎಳೆ ಸಿಗುವುದಿಲ್ಲ. ಆಟೋದವರು ಈಗಲೂ ಮುಖ ನೋಡಿ ಹಿಂದಿಯಲ್ಲೇ ಶುರು ಮಾಡುತ್ತಾರೆ. ಳಕಾರ ಸುಸ್ತಾದಾಗ ಲಕಾರವಾಗುತ್ತದೆ. ಎಲ್ಲಕ್ಕಿಂತ ಕಷ್ಟ ಫೋನು. ಮುಖ ಕಾಣುವುದಿಲ್ಲ, ತುಟಿ ಕಾಣುವುದಿಲ್ಲ, ಎದುರಿಗೆ ತೋರಿಸಿ ‘ಅಲ್ವಾ’ ಎನ್ನಲು ಯಾವ ವಸ್ತುವೂ ಇಲ್ಲ. ಪ್ಲಂಬರಿಗೆ ಫೋನು ಮಾಡಬೇಕಾದರೆ ಇನ್ನೂ ಕೆಳಮನೆಗೆ ಇಳಿಯುತ್ತಾರೆ.

ಆದ್ದರಿಂದ ಈಗಿನ ಅಭ್ಯಾಸ ಫೋನಿನದು. ಅಜ್ಜಿ ಕೆಳಗಿನ ಮನೆಯಲ್ಲಿ, ಮೇಡಂ ಮೇಲಿನ ಮನೆಯಲ್ಲಿ ಕೂತು ಒಬ್ಬರಿಗೊಬ್ಬರು ಕರೆ ಮಾಡುತ್ತಾರೆ. ‘ಹಲೋ, ಬಿಡುವಾಗಿದೀರಾ? ಎರಡು ನಿಮಿಷ ಮಾತಾಡ್ಬಹುದಾ?’ ಎಂಬಲ್ಲಿಂದ ಶುರು. ಅಜ್ಜಿ ಒಂದು ಸಲ ಪ್ಲಂಬರ್ ಆಗುತ್ತಾರೆ, ಒಂದು ಸಲ ಗ್ಯಾಸ್ ಏಜೆನ್ಸಿಯವರಾಗುತ್ತಾರೆ, ಒಂದೊಂದು ಸಲ ಬೇಕೆಂದೇ ಬೇರೆ ಯಾರೋ ಫೋನ್ ಎತ್ತಿದ ಹಾಗೆ ‘ಅವ್ರಿಲ್ಲ, ಯಾರ್ ಮಾತಾಡೋದು?’ ಎನ್ನುತ್ತಾರೆ. ಹಿಂದಿನಿಂದ ವಾಕ್ಯ ಕಟ್ಟುವುದು, ಒಂದು ಪದ ಹಿಡಿದು ತಿರುಗಿ ಕೇಳುವುದು, ಮುಗಿಸುವ ಮಾತು ಮೊದಲೇ ಸಿದ್ಧವಿಟ್ಟುಕೊಳ್ಳುವುದು, ಎಲ್ಲ ಅದೇ ಕ್ರಮ. ಕಟ್ಟಡದ ಮಾಲೀಕರಿಗೆ ನೀರಿನ ಮೋಟಾರಿನ ವಿಷಯ ಹೇಳುವ ಕರೆಯನ್ನು ಮುಂದಿನ ವಾರ ಮೇಡಂ ಒಬ್ಬರೇ ಮಾಡಬೇಕೆಂದು ಮಾತಾಗಿದೆ.